ಸುರಕ್ಷತಾ ಯೋಜನೆಯ ಹಾಳೆಯಲ್ಲಿ ತಾಯಿಯ ಹೆಸರಿಲ್ಲ

ಪ್ರಶ್ನೆ (ತಾಯಿ): ಸಾಯುವ ಮಾತಾಡಿದ್ದ ನನ್ನ 15 ವರ್ಷದ ಮಗಳು ಆಪ್ತಸಮಾಲೋಚಕರೊಂದಿಗೆ ಕುಳಿತು, ಅಂಥ ಯೋಚನೆ ಮತ್ತೆ ಬಂದಾಗ ಏನು ಮಾಡಬೇಕು, ಯಾರನ್ನು ಕರೆಯಬೇಕು ಎಂದು ಬರೆದಿಡುವ ಸುರಕ್ಷತಾ ಯೋಜನೆಯ ಹಾಳೆ ತುಂಬಿದ್ದಾಳೆ. ಎಚ್ಚರಿಕೆಯ ಲಕ್ಷಣಗಳ ಜಾಗದಲ್ಲಿ ‘ಬೇಜಾರು’ ಎಂದಷ್ಟೇ ಇದೆ, ಸಹಾಯ ಕೇಳಬೇಕಾದವರಲ್ಲಿ ನನ್ನ ಹೆಸರೇ ಇಲ್ಲ. ಇದು ಸರಿಯೇ?

ಆಪ್ತಸಮಾಲೋಚಕಿ: ನಿಮ್ಮ ಹೆಸರನ್ನು ಒತ್ತಾಯದಿಂದ ಸೇರಿಸಬೇಡಿ. ಅಪರಾತ್ರಿಯಲ್ಲಿ ಅವಳು ನಿಜವಾಗಿ ಕರೆಯಬಲ್ಲ ಹಿರಿಯರೊಬ್ಬರು ಆ ಸಾಲಿನಲ್ಲಿದ್ದರೆ ಸಾಕು. ಗೆಳತಿಯರು ಮಾತ್ರ ಇದ್ದರೆ ಸಾಲದು, ಅಷ್ಟು ಭಾರವನ್ನು ಓರಗೆಯ ಮಗುವಿನ ಮೇಲೆ ಹೊರಿಸಲಾಗದು.

ನನಗೆ ಹೆಚ್ಚು ಚಿಂತೆಯಾಗುವುದು ‘ಬೇಜಾರು’ ಎಂಬ ಪದದ ಬಗ್ಗೆ. ನನ್ನ ಬಳಿ ಬಂದಿದ್ದ ಹುಡುಗನೊಬ್ಬ ಹೀಗೆಯೇ ‘ಟೆನ್ಶನ್’ ಎಂದು ಬರೆದಿದ್ದ. ಹಿಂದಿನ ಕೆಟ್ಟ ರಾತ್ರಿಯನ್ನು ಸಂಜೆಯಿಂದಲೇ ಹೇಳುತ್ತಾ ಬಾ ಎಂದಾಗ, ಮೊದಲು ಗೆಳೆಯರ ಸಂದೇಶಗಳಿಗೆ ಉತ್ತರಿಸುವುದನ್ನು ನಿಲ್ಲಿಸಿದ್ದು, ಆಮೇಲೆ ಊಟ ಬಿಟ್ಟದ್ದು, ಕೊನೆಗೆ ‘ನಾನಿಲ್ಲದಿದ್ದರೆ ಎಲ್ಲರಿಗೂ ಹಗುರ’ ಎಂಬ ಯೋಚನೆ ಬಂದದ್ದು ಹೊರಬಿತ್ತು. ಆ ಮೊದಲ ಲಕ್ಷಣವನ್ನೇ ಅವನ ಮಾತಿನಲ್ಲಿ ಬರೆದುಕೊಂಡೆವು, ಏಕೆಂದರೆ ಹಾಳೆ ಕೈಗೆ ಬರಬೇಕಾದದ್ದು ಆಗಲೇ. ತಾನೇ ಮಾಡಬಹುದಾದದ್ದು ಎಂಬಲ್ಲಿ ಅವನು ‘ಹಾಡು ಕೇಳುವುದು’ ಎಂದಿದ್ದ. ಆ ಹೊತ್ತಿನಲ್ಲಿ ಅದನ್ನು ಮಾಡುವ ಸಾಧ್ಯತೆಗೆ ಹತ್ತಕ್ಕೆ ಎಷ್ಟು ಅಂಕ ಎಂದು ಕೇಳಿದಾಗ ‘ಮೂರು’ ಎಂದ, ಹಾಡುಗಳಿಂದ ಅಳು ಹೆಚ್ಚುತ್ತಿತ್ತಂತೆ. ಅದನ್ನು ಹೊಡೆದುಹಾಕಿ, ಸ್ನಾನ ಮಾಡಿ ತಂಗಿಯ ಕೋಣೆಗೆ ಹೋಗುವುದು ಎಂದು ಬರೆದೆವು.

ಶಿಕ್ಷಕ: ‘ನನಗೆ ನಾನು ಹಾನಿ ಮಾಡಿಕೊಳ್ಳುವುದಿಲ್ಲ’ ಎಂದು ಸಹಿ ಹಾಕಿಸಿಕೊಂಡರೆ ಇನ್ನೂ ಭದ್ರವಲ್ಲವೇ?

ಆಪ್ತಸಮಾಲೋಚಕಿ: ಮಗುವಿನ ಒಪ್ಪಿಗೆ ಬೇಕೆಂಬುದು ನಿಜ, ಆದರೆ ಅಂಥ ಸಹಿ ಮಗುವನ್ನು ಕಾಪಾಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮಾತಿಗೆ ತಪ್ಪಿದೆನೆಂಬ ಅಳುಕಿನಿಂದ ಮಕ್ಕಳು ಮುಂದಿನ ಭೇಟಿಯಲ್ಲಿ ವಿಷಯವನ್ನು ಮುಚ್ಚಿಡುವುದೂ ಉಂಟು.

ಇನ್ನೊಬ್ಬ ತಂದೆ: ನಾವು ಹಾಳೆಯನ್ನು ಫ್ರಿಜ್ ಮೇಲೆ ಅಂಟಿಸಿದ್ದೆವು, ಮಗ ಎರಡೇ ದಿನದಲ್ಲಿ ಹರಿದುಹಾಕಿದ. ಇವೆಲ್ಲ ಕಾಗದದ ಆಟ ಅನಿಸಿತು.

ಆಪ್ತಸಮಾಲೋಚಕಿ: ಬಂದುಹೋಗುವವರೆಲ್ಲ ಓದುವಂತಿದ್ದರೆ ಯಾರಾದರೂ ಹರಿಯುತ್ತಾರೆ, ಸರ್. ಫೋನಿನಲ್ಲಿ ಅದರ ಚಿತ್ರವಿದ್ದರೆ ಸಾಕಿತ್ತು.

ತಾಯಿ: ಹಾಗಾದರೆ ನನಗೇನೂ ಕೆಲಸವಿಲ್ಲವೇ?

ಆಪ್ತಸಮಾಲೋಚಕಿ: ಮನೆಯನ್ನು ಸುರಕ್ಷಿತಗೊಳಿಸುವ ಕೊನೆಯ ಭಾಗ ನಿಮ್ಮದೇ, ಅದನ್ನು ಮಗುವಿನ ತಲೆಗೆ ಕಟ್ಟಬಾರದು. ಅಜ್ಜಿಯ ಮಾತ್ರೆಗಳೂ ಸೇರಿದಂತೆ ಎಲ್ಲ ಔಷಧಿಗಳಿಗೆ ಬೀಗ ಹಾಕಿ ಕೀಲಿಯನ್ನು ನೀವೇ ಇಟ್ಟುಕೊಳ್ಳಿ. ಅವಳು ಹಾನಿಗೆ ಯಾವುದನ್ನು ಯೋಚಿಸಿದ್ದಳೆಂದು ಸಮಾಲೋಚಕರಿಗೆ ಹೇಳಿದ್ದರೆ, ಅದನ್ನು ಅವರಿಂದ ತಿಳಿದು ಇಂದೇ ಮನೆಯಿಂದ ಹೊರಗೆ ಸಾಗಿಸಿ. ಅವಳು ಈಗಲೇ ಅಪಾಯದಲ್ಲಿದ್ದಾಳೆ ಅನಿಸಿದರೆ ಹಾಳೆಯ ಕ್ರಮ ನೋಡುತ್ತ ಕೂರದೆ, ಒಂಟಿಯಾಗಿ ಬಿಡದೆ, ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.

ತಾಯಿ: ಉಳಿದ ಹಾಳೆಯನ್ನು ನಾನು ಓದಬಹುದೇ?

ಆಪ್ತಸಮಾಲೋಚಕಿ: ಈ ವಿಷಯದಲ್ಲಿ ನಮ್ಮಲ್ಲೇ ಒಮ್ಮತವಿಲ್ಲ. ಅಪಾಯದ ಸಂಗತಿಯನ್ನು ಪೋಷಕರಿಂದ ಮುಚ್ಚಿಡುವಂತಿಲ್ಲ; ಮಿಕ್ಕದ್ದನ್ನು ಎಷ್ಟು ತೋರಿಸಬೇಕೆಂದು ನಾನಾದರೆ ಅವಳನ್ನೇ ಕೇಳುತ್ತೇನೆ.