ಸಹಾಯ ಬೇಕು: ಕಣ್ಣು ಎಳೀತಿದ್ರೂ ಮಲಗೋಕೆ ಮನಸ್ಸೇ ಬರಲ್ಲ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಮನೆಗೆ ಬಂದ ಮೇಲೆ ರೊಟ್ಟಿ ಬಡಿಯಬೇಕು, ಮಕ್ಕಳಿಗೆ ಓದಿಸಬೇಕು, ಅತ್ತೆಗೆ ಮಾತ್ರೆ ಕೊಡಬೇಕು. ಹತ್ತೂವರೆಗೆ ಎಲ್ಲರೂ ಮಲಗುತ್ತಾರೆ. ಆಗ ಯಾರೂ ನನ್ನನ್ನು ಕರೆಯಲ್ಲ. ಅಡುಗೆಮನೆ ಕಟ್ಟೆ ಮೇಲೆ ಕೂತು ಮೊಬೈಲ್ ನೋಡುತ್ತಾ ರಾತ್ರಿ ಒಂದು ಗಂಟೆಯಾಗುತ್ತದೆ. ಐದೂವರೆಗೆ ಏಳಲೇಬೇಕು.

ಇದು ನಿದ್ದೆ ಬಾರದ ಕಾಯಿಲೆ ಅಲ್ಲ. ದಿಂಬಿಗೆ ತಲೆ ಕೊಟ್ಟ ಕೂಡಲೇ ನಿದ್ದೆ ಬರುತ್ತದೆ. ತಡೆಯುವವರು ಯಾರೂ ಇಲ್ಲದಿದ್ದರೂ ಮಲಗುವುದನ್ನೇ ಮುಂದೂಡುವ ಈ ಅಭ್ಯಾಸದ ಬಗ್ಗೆ ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲೇ ಬರೆದಿದ್ದಾರೆ. ದಿನವಿಡೀ ಬೇರೆಯವರಿಗಾಗಿ ದುಡಿದವರು ರಾತ್ರಿ ತಮ್ಮ ಹೊತ್ತನ್ನು ವಾಪಸ್ ಪಡೆಯಲು ಎಚ್ಚರ ಇರುತ್ತಾರಂತೆ. ನನ್ನದು ಅದೇ ಅನಿಸುತ್ತದೆ.

ಮಲಗೋ ಹೊತ್ತಿಗೆ ಅಲಾರಾಂ ಇಟ್ಟೆ, ಆಫ್ ಮಾಡಿ ಮತ್ತೆ ಕೂತೆ. ಮೊಬೈಲನ್ನು ಹೊರಗಿನ ಕೋಣೆಯಲ್ಲಿಟ್ಟರೆ ಟಿವಿ ಮುಂದೆ ಕೂರುತ್ತೇನೆ. ಹಾಗಾಗಿ ಮೊಬೈಲ್ ಒಂದೇ ಕಾರಣ ಅಲ್ಲ, ಅಲ್ವಾ? ಅತ್ತೆ ಊರಿಗೆ ಹೋಗಿದ್ದಾಗ ಯಜಮಾನರು ಸಂಜೆ ಮಕ್ಕಳನ್ನು ಶರಣಬಸವೇಶ್ವರ ಕೆರೆ ಕಡೆ ಕರೆದೊಯ್ದರು. ಸುಮ್ನೆ ಅರ್ಧ ಗಂಟೆ ಒಬ್ಬಳೇ ಚಹಾ ಕುಡಿದು ಹೊಲಿಗೆ ಹಾಕಿದೆ. ಆ ರಾತ್ರಿ ಹನ್ನೊಂದಕ್ಕೆ ಮೊದಲೇ ಮಲಗಿದೆ.

ಕೂಡು ಕುಟುಂಬದಲ್ಲಿರುವ ಅಕ್ಕಂದಿರೇ, ಸಂಜೆ ಆ ಅರ್ಧ ಗಂಟೆಯನ್ನು ದಿನಾ ಹೇಗೆ ಉಳಿಸಿಕೊಳ್ಳುತ್ತೀರಿ? ಹಿರಿಯರಿಗೆ ಬೇಜಾರಾಗದಂತೆ ಹೇಗೆ ಹೇಳಿದಿರಿ? ಯಾವ ಕೆಲಸ ಯಾರಿಗೆ ಬಿಟ್ಟಿರಿ? ದಯವಿಟ್ಟು ಬರೆಯಿರಿ.