‘ಓ ಗುಂಪಿನ ಕಣದ ಮೇಲೆ ಏನೂ ಇಲ್ಲ’ ಎನ್ನಬಹುದೇ? ‘ಬಾಂಬೆ ಓ’ ಎಂಬ ಬಳಕೆ ಸರಿಯೇ?

ತೀರ್ಥಹಳ್ಳಿಯಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ರಕ್ತದಾನ ಶಿಬಿರಕ್ಕೆ ಒಂದು ಫಲಕ ಬರೆಯುತ್ತಿದ್ದೇನೆ. ಕರಡು ಹೀಗಿದೆ: ‘ಎ ಗುಂಪಿನವರ ಕೆಂಪು ರಕ್ತಕಣದ ಮೇಲೆ ಎ ಗುರುತು, ಬಿ ಗುಂಪಿನವರಲ್ಲಿ ಬಿ ಗುರುತು ಇರುತ್ತದೆ. ಓ ಗುಂಪಿನವರಲ್ಲಿ ಏನೂ ಇರುವುದಿಲ್ಲ.’ ಕೊನೆಯ ಮಾತು ಸರಿಯೇ? ‘ಬಾಂಬೆ ಓ’ ಎಂದು ಕೆಲವರು ಬರೆಯುತ್ತಾರಲ್ಲ, ಅದು ಓ ಗುಂಪಿನದೇ ಒಂದು ಬಗೆಯೇ? ಜೀವಕೋಶದ ಮೇಲಿನ ಸಕ್ಕರೆ ಸರಪಳಿಗಳ ಪದರವಾದ ಗ್ಲೈಕೊಕ್ಯಾಲಿಕ್ಸ್‌ಗೆ ‘ಸಕ್ಕರೆ ಪೊರೆ’ ಎಂದು ಹಾಕಿದ್ದೇನೆ, ಅದನ್ನೂ ನೋಡಿ.

ಸಾಗರದಿಂದ:

‘ಪೊರೆ’ ಬೇಡ. ಜೀವಕೋಶದ ಪೊರೆ ಎಂದು ಶಾಲೆಯ ಪುಸ್ತಕದಲ್ಲಿ ಆಗಲೇ ಇದೆ, ಮಕ್ಕಳು ಎರಡೆರಡು ಪೊರೆ ಇವೆ ಅಂದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಹಾವಸೆ ಹಿಡಿಯುತ್ತದಲ್ಲ, ಹಾಗೆ ‘ಸಕ್ಕರೆ ಹಾವಸೆ’ ಅನ್ನಿ. ಓ ಗುಂಪಿನ ಬಗ್ಗೆ ನಿಮ್ಮ ವಾಕ್ಯ ಸರಿಯಾಗೇ ಇದೆ. ಓ ಎಂದರೆ ಸೊನ್ನೆ ಎಂದೇ ಅರ್ಥ. ಜೊತೆಗೆ ಒಂದು ಸಾಲು ಸೇರಿಸಿ: ‘ಬಿಳಿ ರಕ್ತಕಣಗಳು ಈ ಗುರುತನ್ನು ನೋಡಿಯೇ ತನ್ನದು, ಪರರದು ಎಂದು ತಿಳಿಯುತ್ತವೆ.’

ಶಿವಮೊಗ್ಗದಿಂದ:

ರಕ್ತನಿಧಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳಾಗಿ ಹೇಳುವುದಾದರೆ, ‘ಏನೂ ಇಲ್ಲ’ ಎಂಬ ಮಾತನ್ನು ಮೊದಲು ತೆಗೆಯಬೇಕು. ಅದೇ ಮಾತಿನಿಂದ ಅಪಾಯವೂ ಆಗಬಹುದು.

ಕೆಂಪು ಕಣದ ಮೇಲಿನ ಪ್ರೋಟೀನು, ಕೊಬ್ಬುಗಳಿಗೆ ಸಕ್ಕರೆಯ ಸರಪಳಿಗಳು ಅಂಟಿರುತ್ತವೆ. ಸರಪಳಿಯ ತುದಿಯ ಗ್ಯಾಲಕ್ಟೋಸಿಗೆ ಫ್ಯೂಕೋಸ್ ಎಂಬ ಸಕ್ಕರೆ ಸೇರಿದರೆ ಅದು ಎಚ್ ಎಂಬ ಗುರುತು. ಎಚ್ ಇದ್ದರೆ ಮಾತ್ರ ಮುಂದಿನ ಕೆಲಸ. ಎ ಕಿಣ್ವ ಇದ್ದವರಲ್ಲಿ ಅದರ ಪಕ್ಕಕ್ಕೆ ಅಸಿಟೈಲ್ ಗ್ಯಾಲಕ್ಟೋಸಮೀನ್ ಸೇರುತ್ತದೆ, ಬಿ ಕಿಣ್ವ ಇದ್ದವರಲ್ಲಿ ಇನ್ನೊಂದು ಗ್ಯಾಲಕ್ಟೋಸ್. ಓ ಗುಂಪಿನವರಲ್ಲಿ ಆ ಕಿಣ್ವ ಕೆಲಸ ಮಾಡುವುದಿಲ್ಲ, ಹಾಗಾಗಿ ಎಚ್ ಹಾಗೆಯೇ ಉಳಿಯುತ್ತದೆ. ಅಂದರೆ ಎಚ್ ಅತಿ ಹೆಚ್ಚು ಇರುವುದೇ ಓ ಕಣದ ಮೇಲೆ. ಅಂದಹಾಗೆ, 1901ರಲ್ಲಿ ಲ್ಯಾಂಡ್‌ಸ್ಟೈನರ್ ಈ ಗುಂಪನ್ನು ‘ಸಿ’ ಎಂದು ಕರೆದಿದ್ದರು. ಓ ಹೆಸರು ಬಂದದ್ದು ಆಮೇಲೆ.

ಬಾಂಬೆ ಗುಂಪಿನವರಲ್ಲಿ ಫ್ಯೂಕೋಸ್ ಸೇರಿಸುವ ಕಿಣ್ವವೇ ಇಲ್ಲ. ಎಚ್ ಇಲ್ಲದ ಮೇಲೆ ಎ ಅಥವಾ ಬಿ ಕಿಣ್ವ ಒಳಗಿದ್ದರೂ ಸಕ್ಕರೆ ಕೂರಿಸಲು ಜಾಗವಿಲ್ಲ. 1952ರಲ್ಲಿ ಇದನ್ನು ಮೊದಲು ವರದಿ ಮಾಡಿದವರು ಮುಂಬಯಿಯ ಭೇಂಡೆ ಮತ್ತು ಸಂಗಡಿಗರು, ಹೆಸರು ಬಂದದ್ದು ಹಾಗೆ. ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು ಎನ್ನುವ ಅಂದಾಜಿದೆ. ಆದ್ದರಿಂದ ‘ಬಾಂಬೆ ಓ’ ಎನ್ನಬೇಡಿ, ‘ಬಾಂಬೆ ಗುಂಪು’ ಎನ್ನಿ. ‘ಓ’ ಕಂಡ ಕೂಡಲೇ ಓ ಚೀಲ ಏರಿಸಲು ಹೋಗುತ್ತಾರೆ, ಆದರೆ ಅವರ ಸೀರಮ್ಮಿನಲ್ಲಿ, ಅಂದರೆ ರಕ್ತದ ತಿಳಿಭಾಗದಲ್ಲಿ, ಎಚ್ ವಿರುದ್ಧದ ಪ್ರತಿಕಾಯ ಇರುತ್ತದೆ. ಅದು ಮೈ ಬಿಸಿಯಲ್ಲೂ ಚುರುಕಾಗಿ ಕೆಲಸ ಮಾಡಿ ಓ ಕಣಗಳನ್ನು ಒಡೆಯುತ್ತದೆ. ಅವರಿಗೆ ಬಾಂಬೆ ಗುಂಪಿನವರದೇ ರಕ್ತ ಬೇಕು.

ಹಾವಸೆ ಚೆನ್ನಾಗಿದೆ ಸರ್, ಆದರೆ ಅದು ಹೊರಗಿನಿಂದ ಬಂದು ಹಿಡಿಯುವುದು. ಈ ಸರಪಳಿಗಳು ಕೋಶದ ಒಳಗೇ ಕಟ್ಟಿಕೊಂಡು ಪ್ರೋಟೀನಿನ ಜೊತೆ ಮೇಲೆ ಬರುತ್ತವೆ. ‘ಸಕ್ಕರೆ ಹೊದಿಕೆ’ ಸಾಕು ಎಂದು ನನಗನಿಸುತ್ತದೆ.

ನಿಮ್ಮ ಬಿಳಿ ರಕ್ತಕಣದ ಸಾಲನ್ನು ಮಾತ್ರ ಹಾಗೆ ಹಾಕಬಾರದು. ಟಿ ಕೋಶ ಎಂಬ ಬಿಳಿಕಣ ನೋಡುವುದು ಎಚ್‌ಎಲ್‌ಎ ಎಂಬ ಗ್ಲೈಕೋಪ್ರೋಟೀನಿನ ತೊಟ್ಟಿಲಲ್ಲಿ ಕೂತ ಪ್ರೋಟೀನ್ ತುಣುಕನ್ನು, ಸಕ್ಕರೆಯನ್ನಲ್ಲ. ಎನ್‌ಕೆ ಕೋಶ ಎಂಬ ಇನ್ನೊಂದು ಬಿಳಿಕಣ ಎಚ್‌ಎಲ್‌ಎ ಕಾಣೆಯಾಗಿದೆಯೇ ಎಂದು ಪರೀಕ್ಷಿಸುತ್ತದೆ. ಎ, ಬಿ, ಎಚ್ ಸಕ್ಕರೆಗಳನ್ನು ಹಿಡಿಯುವುದು ಪ್ರತಿಕಾಯಗಳು. ನಮ್ಮ ಮೈಯಲ್ಲೇ ಇರುವ ಸಕ್ಕರೆಗೆ ಪ್ರತಿಕಾಯ ಮಾಡುವ ಬಿ ಕೋಶ ಎಂಬ ಬಿಳಿಕಣಗಳು ಮೊದಲೇ ಅಡಗಿಹೋಗುತ್ತವೆ. ಇಲ್ಲದ ಸಕ್ಕರೆಗೆ ಮಾತ್ರ, ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ ಅಂಥದ್ದೇ ಸಕ್ಕರೆ ಸಿಕ್ಕುವುದರಿಂದ, ಪ್ರತಿಕಾಯ ತಯಾರಾಗುತ್ತದೆ. ಹೀಗಾಗಿ ರಕ್ತ ಏರಿಸಿಕೊಳ್ಳದೆಯೇ ಬಾಂಬೆ ಗುಂಪಿನವರಲ್ಲಿ ಎಚ್ ವಿರುದ್ಧದ ಪ್ರತಿಕಾಯ ಇರುತ್ತದೆ.

ಹೊಸನಗರದಿಂದ:

ಮೇಡಂ, ಹಾಗಾದರೆ ನಮ್ಮ ಅಕ್ಕನ ಮನೆಯ ವಿಷಯ ಬಾಂಬೆಯೇ ಸರಿ. ಭಾವ ಎಬಿ, ಅಕ್ಕ ಬಿ, ಮಗನದು ಶಾಲೆಯ ಶಿಬಿರದ ಕಾರ್ಡಿನಲ್ಲಿ ಓ. ಎಬಿಗೆ ಓ ಮಗು ಹುಟ್ಟುವುದಿಲ್ಲ ಎಂದು ಯಾರೋ ಹೇಳಿ ಮನೆಯಲ್ಲಿ ಮಾತು ಬೇರೆ ಕಡೆ ತಿರುಗಿತ್ತು. ಈಗ ಎಲ್ಲರಿಗೂ ಹೇಳಿಬಿಡಲೇ?

ಶಿವಮೊಗ್ಗದಿಂದ:

ಹೇಳಬೇಡಿ, ಇನ್ನೂ ಏನೂ ಗೊತ್ತಾಗಿಲ್ಲ. ಶಿಬಿರದ ಕಾರ್ಡು ಸಾಮಾನ್ಯವಾಗಿ ಗಾಜಿನ ಪಟ್ಟಿಯ ಮೇಲಿನ ಪರೀಕ್ಷೆ. ಅಲ್ಲಿ ಕಣದ ಮೇಲೇನಿದೆ ಎಂಬುದಷ್ಟೇ ನೋಡುತ್ತಾರೆ, ಸೀರಮ್ ನೋಡುವುದಿಲ್ಲ. ಬಾಂಬೆ ಅಲ್ಲಿ ಓ ಥರವೇ ಕಾಣುತ್ತದೆ. ಬಲಹೀನ ಎ ಅಥವಾ ಬಿ ಇದ್ದರೂ, ಹಳೆಯ ರಾಸಾಯನಿಕ ಬಳಸಿದ್ದರೂ, ಹೆಸರು ಬದಲಾಗಿದ್ದರೂ ಓ ಎಂದೇ ಬರಬಹುದು. ಅಪರೂಪಕ್ಕೆ ಎ, ಬಿ ಎರಡೂ ಒಂದೇ ವಂಶವಾಹಿಯಲ್ಲಿ ಬರುವುದೂ ಉಂಟು. ಭಾವನವರ ಎಬಿ ಅಂಥದ್ದಾಗಿದ್ದರೆ ಅವರಿಗೆ ಓ ಮಗು ಹುಟ್ಟಬಹುದು.

ಮೂವರದೂ ಹೊಸ ಮಾದರಿ ಕೊಟ್ಟು ಕೊಳವೆಯಲ್ಲಿ ಕಣ, ಸೀರಮ್ ಎರಡೂ ಕಡೆಯ ಪರೀಕ್ಷೆ ಮಾಡಿಸಿ. ಕಣಗಳನ್ನು ಸಲೈನಿನಲ್ಲಿ ತೊಳೆದು ಶೇ 2ರಿಂದ 5ರ ದ್ರಾವಣ ಮಾಡಿ, ಒಂದು ಹನಿ ಕಣಕ್ಕೆ ಎರಡು ಹನಿ ಸೀರಮ್ ಹಾಕಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತಾರೆ. ಮಗನ ಸೀರಮ್ಮಿಗೆ ಎ ಕಣ, ಬಿ ಕಣ ಮಾತ್ರವಲ್ಲ, ಓ ಕಣವನ್ನೂ ಹಾಕಲು ಕೇಳಿ. ಈ ಮೂರನೆಯ ಕೊಳವೆಯನ್ನು ಬಿಡುವವರೇ ಹೆಚ್ಚು. ಮಾಮೂಲಿ ಓ ಆಗಿದ್ದರೆ ಅದರಲ್ಲಿ ಗಂಟು ಕಟ್ಟುವುದಿಲ್ಲ, ಬಾಂಬೆ ಆಗಿದ್ದರೆ ಕಟ್ಟುತ್ತದೆ.

ಆದರೆ ಗಂಟು ಕಟ್ಟಿದ ಮಾತ್ರಕ್ಕೆ ಬಾಂಬೆ ಎನ್ನುವಂತಿಲ್ಲ. ತನ್ನ ಕಣಕ್ಕೆ ತಾನೇ ಪ್ರತಿಕಾಯ ಮಾಡಿಕೊಂಡಿದ್ದರೂ ಹೀಗಾಗುತ್ತದೆ, ಅದಕ್ಕೆ ಮಗನ ಸೀರಮ್ಮಿಗೆ ಮಗನದೇ ಕಣ ಹಾಕಿ ನೋಡಬೇಕು. ಅದರಲ್ಲಿ ಗಂಟಿಲ್ಲ ಎಂದರೆ ಆ ಅನುಮಾನ ಹೋಗುತ್ತದೆ. ಎಲ್ಲರಲ್ಲೂ ಇರುವ ಬೇರೆ ಯಾವುದೋ ಗುರುತಿನ ವಿರುದ್ಧದ ಪ್ರತಿಕಾಯವೂ ಇರಬಹುದಲ್ಲ, ಆದ್ದರಿಂದ ಕೊನೆಯದಾಗಿ ಯೂಲೆಕ್ಸ್ ಯುರೋಪಿಯಸ್ ಬೀಜದಿಂದ ತೆಗೆದ, ಎಚ್ ಸಕ್ಕರೆಯನ್ನು ಹಿಡಿಯುವ ಲೆಕ್ಟಿನ್ ಎಂಬ ಪ್ರೋಟೀನು ಹಾಕಿ ಮಗನ ಕಣವನ್ನೇ ನೋಡುತ್ತಾರೆ. ಊಟಿ ಬೆಟ್ಟಗಳಲ್ಲಿ ಕಳೆಯಾಗಿ ಹಬ್ಬಿರುವ ಹಳದಿ ಹೂವಿನ ಮುಳ್ಳುಗಿಡವೇ ಇದು. ಎಚ್ ಇದ್ದರೆ ಗಂಟು, ಇಲ್ಲದಿದ್ದರೆ ಇಲ್ಲ. ಪಕ್ಕದಲ್ಲಿ ಗೊತ್ತಿರುವ ಓ ಕಣದ ಕೊಳವೆ ಇರಲೇಬೇಕು. ಅದರಲ್ಲೂ ಗಂಟು ಕಾಣದಿದ್ದರೆ ಲೆಕ್ಟಿನ್ ಕೆಟ್ಟಿದೆ ಎಂದರ್ಥ, ಮಗನ ಫಲಿತಾಂಶವನ್ನು ನಂಬಬಾರದು.

ಬಾಂಬೆ ಎಂದೇ ಖಚಿತವಾದರೆ ಒಡಹುಟ್ಟಿದವರನ್ನೂ ಪರೀಕ್ಷಿಸಿ. ಅಕ್ಕ, ಭಾವ ಇಬ್ಬರೂ ಆ ದೋಷದ ಒಂದೊಂದು ಪ್ರತಿ ಹೊತ್ತಿರುತ್ತಾರೆ, ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಸೋದರಸಂಬಂಧದ ಮದುವೆಯಾದ ಮನೆಗಳಲ್ಲಿ ಇದು ಹೆಚ್ಚು ಕಾಣಲು ಕಾರಣವೂ ಅದೇ. ಆಪರೇಷನ್ ಇದ್ದರೆ ಮೊದಲೇ ರಕ್ತನಿಧಿಗೆ ತಿಳಿಸಬೇಕು, ಅಂಥ ದಾನಿ ಸಿಗುವುದು ಕಷ್ಟ.

ಸಾಗರದಿಂದ:

ಟಿ ಕೋಶದ ವಿಷಯ ಒಪ್ಪಿದೆ. ಆದರೆ ಸಕ್ಕರೆ ನೋಡಿ ತನ್ನವರೆನ್ನುವುದು ಪೂರ್ತಿ ಸುಳ್ಳಲ್ಲವಲ್ಲ ಮೇಡಂ? ಸಿಯಾಲಿಕ್ ಆಮ್ಲ ಎಂಬ ಸಕ್ಕರೆ ತುದಿಯಲ್ಲಿದ್ದರೆ ಬಿಳಿಕಣಗಳು ಸುಮ್ಮನಾಗುತ್ತವೆ ಎಂದು ಓದಿದ್ದೇನೆ.

ಶಿವಮೊಗ್ಗದಿಂದ:

ಅದು ಸರಿ ಸರ್. ಸಿಗ್ಲೆಕ್ ಎಂಬ ಗ್ರಾಹಕಗಳು ಸಿಯಾಲಿಕ್ ಆಮ್ಲ ಹಿಡಿದು ಕೋಶವನ್ನು ತಣ್ಣಗಾಗಿಸುತ್ತವೆ. ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ಮೈಗೆ ಹೊದ್ದು ಮೋಸ ಮಾಡುತ್ತವೆ. ಆದರೆ ಅದು ಎ, ಬಿ ಗುರುತಲ್ಲ. ರಕ್ತದ ಗುಂಪಿನ ಫಲಕಕ್ಕೆ ಅದನ್ನು ತರುವುದು ಬೇಡ.

ತೀರ್ಥಹಳ್ಳಿಯಿಂದ:

ಹೀಗೆ ತಿದ್ದಿದ್ದೇನೆ: ‘ಓ ಗುಂಪಿನವರ ಕಣದ ಮೇಲೆ ಎ, ಬಿ ಇಲ್ಲ, ಎಚ್ ಇದೆ. ಎಚ್ ಕೂಡ ಇಲ್ಲದವರು ಬಾಂಬೆ ಗುಂಪಿನವರು. ಇವರಿಗೆ ಓ ರಕ್ತ ಕೊಡಬಾರದು.’ ‘ಹೊದಿಕೆ’ ಎಂದರೆ ಕಂಬಳಿಯೇ ನೆನಪಾಗುತ್ತದೆ ಎಂದು ಇಲ್ಲಿನ ಗೆಳೆಯರು ತಕರಾರು ತೆಗೆದಿದ್ದಾರೆ. ಬೇರೆ ಪದ ಹೊಳೆದವರು ಗುರುವಾರದೊಳಗೆ ತಿಳಿಸಿ, ಶುಕ್ರವಾರ ಮುದ್ರಣಕ್ಕೆ ಕೊಡಬೇಕು.