ಒಣಮಣ್ಣಿನ ಮೇಲೆ ಮಳೆ ಅಕಾರ್ಡ್: ಬೀಟ್‌ರೂಟ್ ವಾಸನೆ ಬರುತ್ತಿದೆ, ಏನು ಮಾಡಲಿ?

ಹನಿಗಂಧ:
ಮೊದಲ ಮಳೆ ಬಿದ್ದಾಗ ಮಣ್ಣಿಂದ ಏಳುವ ವಾಸನೆಗೆ ಹಲವು ಪದಾರ್ಥ ಬೆರೆಸಿ ಅಕಾರ್ಡ್ ಕಟ್ಟುತ್ತಿದ್ದೇನೆ. ಒಟ್ಟು 10 ಗ್ರಾಂ. ಪಚೌಲಿ 3 ಗ್ರಾಂ, ಲಾವಂಚದ ಎಣ್ಣೆ 2 ಗ್ರಾಂ, ಜಿಯೋಸ್ಮಿನ್ (1% ದ್ರಾವಣ) ಅರ್ಧ ಗ್ರಾಂ, ಕ್ಯಾಲೋನ್ (10%) ಅರ್ಧ ಗ್ರಾಂ, ಉಳಿದದ್ದು ತೆಳುಮಾಡಲು ಡಿಪಿಜಿ. ಮೂಸುವ ಕಾಗದದ ಪಟ್ಟಿ, ಬ್ಲಾಟರ್ ಮೇಲೆ ಮೊದಲು ಕಲ್ಲಂಗಡಿ, ಆಮೇಲೆ ಸಿಪ್ಪೆ ತೆಗೆಯದ ಬೀಟ್‌ರೂಟ್. ಮರುದಿನ ಮೂಸಿದರೆ ಮುಗ್ಗು ಹಿಡಿದ ಗೋದಾಮು! ಯಾವುದನ್ನು ಕಡಿಮೆ ಮಾಡಲಿ?

ಅತ್ತರ್ ಪ್ರಿಯ:
ಇಷ್ಟೆಲ್ಲ ತಲೆನೋವು ಯಾಕೆ? ಕನ್ನೌಜಿನ ಮಿಟ್ಟಿ ಅತ್ತರ್ ತಂದು ಹಾಕಿ. ಅಲ್ಲಿ ಸುಟ್ಟ ಮಣ್ಣನ್ನೇ ತಾಮ್ರದ ಹಂಡೆಯಲ್ಲಿ ಬಟ್ಟಿ ಇಳಿಸಿ ಗಂಧದೆಣ್ಣೆಗೆ ಹಿಡಿಸುತ್ತಾರೆ. ಅಸಲಿ ಮಣ್ಣಿನ ವಾಸನೆ ಇರುವಾಗ ಕೆಮಿಕಲ್ ಯಾಕೆ ಬೇಕು?

ಬೋರ್‌ವೆಲ್ ರಾಜು:
ನಮ್ಮ ಟ್ಯಾಂಕ್ ನೀರಿಗೂ ಇದೇ ಮಣ್ಣು ವಾಸನೆ. ಎರಡು ಸಲ ತೊಳೆಸಿದರೂ ಹೋಗಲಿಲ್ಲ. ಜಿಯೋಸ್ಮಿನ್ ತೆಗೆಯೋದು ಹೇಗೆ ಸರ್?

ಲಾವಂಚ:
ರಾಜು ಅವರೇ, ಇಲ್ಲಿ ನಾವು ಅದನ್ನು ಸೇರಿಸುವ ಮಾತಾಡುತ್ತಿದ್ದೇವೆ 🙂 ನಿಮ್ಮದು ಜಿಯೋಸ್ಮಿನ್ನೇ ಆಗಿದ್ದರೆ ಆಕ್ಟಿವೇಟೆಡ್ ಕಾರ್ಬನ್ ಫಿಲ್ಟರ್ ಹಾಕಿಸಿ ನೋಡಿ.

ಹನಿಗಂಧ, ನಿಮ್ಮ ಜಿಯೋಸ್ಮಿನ್ ಪ್ರಮಾಣ ವಿಪರೀತ ಜಾಸ್ತಿ. ನೀರಿನಲ್ಲಿ ಲಕ್ಷ ಕೋಟಿಗೆ ಕೆಲವೇ ಪಾಲು ಇದ್ದರೂ ಕೆಲವರ ಮೂಗು ಅದನ್ನು ಹಿಡಿಯುತ್ತದೆ. ಬೀಟ್‌ರೂಟಿನ ಮಣ್ಣು ವಾಸನೆಗೂ ಅದೇ ಕಾರಣ, ಹಾಗಾಗಿ ನಿಮ್ಮ ಮೂಗು ಸುಳ್ಳು ಹೇಳುತ್ತಿಲ್ಲ. 1% ದ್ರಾವಣ 0.1 ಗ್ರಾಂ ತೆಗೆದು 9.9 ಗ್ರಾಂ ಡಿಪಿಜಿಗೆ ಹಾಕಿ. ಅದು 0.01% ಆಯಿತು. ಇದರಲ್ಲಿ 0.1 ಗ್ರಾಂ ಸಾಕು, ಅಂದರೆ ಈಗಿನದರ ಐನೂರನೇ ಒಂದು ಪಾಲು.

ಆದರೆ ಅಷ್ಟಕ್ಕೇ ಸರಿಹೋಗುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಒದ್ದೆ ಇದೆ, ಒಣಮಣ್ಣು ಇಲ್ಲ. ಪಚೌಲಿ 3 ಗ್ರಾಂ ಅಂದರೆ ಅದೇ ಒದ್ದೆ ನೆಲಮಾಳಿಗೆ. 1964ರಲ್ಲಿ ಬೇರ್ ಮತ್ತು ಥಾಮಸ್ ಈ ವಾಸನೆಯ ಬಗ್ಗೆ ಬರೆದಾಗ ಹೇಳಿದ್ದೂ ಇದನ್ನೇ: ಒಣಗಾಲದಲ್ಲಿ ಮಣ್ಣು, ಕಲ್ಲು ಹೀರಿಕೊಂಡ ಎಣ್ಣೆಯಂಥ ಪದಾರ್ಥಗಳು ತೇವ ತಾಗಿದಾಗ ಹೊರಬರುತ್ತವೆ. ಹಾಗಾಗಿ ಮೊದಲು ಒಣ ಭಾಗ ಕಟ್ಟಿ. ನಾನು ಐಸೋ ಇ ಸೂಪರ್ 4 ಗ್ರಾಂ, ಸೀಡರ್ ಒಂದೂವರೆ, ಲಾವಂಚ 1, ಪಚೌಲಿ 0.3, ನಾಗರಮೋಥಾ 0.2ರಿಂದ ಶುರು ಮಾಡುತ್ತೇನೆ. ಇದನ್ನೊಂದೇ ಮೂಸಿದಾಗ ಧೂಳು, ಒಣಬೇರು, ಬಿಸಿಲಿಗೆ ಕಾದ ಕಟ್ಟಿಗೆ ಅನ್ನಿಸಬೇಕು. ಹಾಗನ್ನಿಸುವವರೆಗೆ ಮಳೆಯ ಕಡೆ ಹೋಗಬೇಡಿ.

ಮಳೆಗೆ ಹೆಲಿಯೋನಲ್ (10%) 0.3 ಗ್ರಾಂ, ಕ್ಯಾಲೋನ್ 1%ಕ್ಕೆ ಇಳಿಸಿ 0.2 ಗ್ರಾಂ. ಕಲ್ಲಂಗಡಿ ಬಂದದ್ದು ಕ್ಯಾಲೋನ್‌ನಿಂದ. ಉಳಿದದ್ದು ಡಿಪಿಜಿ. ಜಿಯೋಸ್ಮಿನ್ ಎಲ್ಲಕ್ಕಿಂತ ಕೊನೆಗೆ.

ಅದನ್ನು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಒಂದು ಬ್ಲಾಟರ್‌ಗೆ ಉಳಿದೆಲ್ಲ ಸೇರಿದ ಮಿಶ್ರಣ, ಇನ್ನೊಂದಕ್ಕೆ 0.01% ಜಿಯೋಸ್ಮಿನ್. ಎರಡನ್ನೂ ಒಟ್ಟಿಗೆ ಹಿಡಿದು ಮೂಸಿ, ಎರಡನೆಯದನ್ನು ಮೆಲ್ಲಗೆ ದೂರ ಸರಿಸಿ. ಒಂದು ದೂರದಲ್ಲಿ ಬೀಟ್‌ರೂಟ್ ಮಾಯವಾಗಿ ಮಣ್ಣು ನೆಂದ ಹಾಗೆ ಅನ್ನಿಸುತ್ತದೆ. ಅದು ತುಂಬಾ ದೂರವಾದರೆ 0.1 ಗ್ರಾಂ ಕೂಡ ಜಾಸ್ತಿ ಅಂತ ಲೆಕ್ಕ.

ಇನ್ನೊಂದು, ಮೂಗು ಬೇಗ ಮರಗಟ್ಟುತ್ತದೆ. ವಾಸನೆ ಬರ್ತಿಲ್ಲ ಅಂತ ಸುಮ್ನೆ ಸುರಿಯುತ್ತಾ ಹೋಗಬೇಡಿ. ಹೊರಗೆ ಓಡಾಡಿ ಬಂದು ಮೂಸಿ.

ಅತ್ತರ್ ಪ್ರಿಯ:
ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ 😀

ಲಾವಂಚ:
ಒಳ್ಳೆಯ ಮಿಟ್ಟಿ ಅತ್ತರ್ ಸಿಕ್ಕರೆ ಒಣ ಭಾಗಕ್ಕೆ ಖಂಡಿತ ಹಾಕಬಹುದು. ಆದರೆ ಅದರಲ್ಲಿ ಸುಟ್ಟ ಮಣ್ಣು, ಗಂಧ ಇದೆ. ಹನಿ ಬೀಳುವಾಗಿನ ಆ ತಾಜಾ ಗಾಳಿ ಇಲ್ಲ. ಗಂಧದೆಣ್ಣೆ ದುಬಾರಿಯಾದ ಮೇಲೆ ಲಿಕ್ವಿಡ್ ಪ್ಯಾರಾಫಿನ್‌ಗೆ ಇಳಿಸಿದ ಸರಕೂ ಬರುತ್ತಿದೆ. ಪರ್ಫ್ಯೂಮರ್ಸ್ ಆಲ್ಕೋಹಾಲಿಗೆ ಒಂದೆರಡು ಹನಿ ಹಾಕಿ ಅಲ್ಲಾಡಿಸಿ. ಹಾಲಿನಂತೆ ಮಬ್ಬಾಗಿ ಕೆಳಗೆ ಎಣ್ಣೆ ಕೂತರೆ ಸ್ಪ್ರೇಗೆ ಆಗುವುದಿಲ್ಲ.

ಹನಿಗಂಧ:
ಧನ್ಯವಾದ ಮೇಡಂ. ಒಣ ಭಾಗ ಕಟ್ಟಿದೆ, ಮುಗ್ಗು ಹೋಯಿತು. ಬ್ಲಾಟರ್ ಪರೀಕ್ಷೆಯಲ್ಲಿ 0.1 ಕೂಡ ಜಾಸ್ತಿ ಅನ್ನಿಸಿತು, 0.06ಕ್ಕೆ ನಿಲ್ಲಿಸಿದೆ. ಬೀಟ್‌ರೂಟ್ ಇಲ್ಲ. ಆದರೆ ಆಲ್ಕೋಹಾಲಿನಲ್ಲಿ ಬೆರೆಸಿ ಚರ್ಮಕ್ಕೆ ಹಾಕಿದರೆ ಅರ್ಧ ಗಂಟೆಯಲ್ಲಿ ಮಳೆ ಹೋಗಿ ಬರೀ ಕಟ್ಟಿಗೆ ಉಳಿಯುತ್ತದೆ.

ಲಾವಂಚ:
ಹೆಲಿಯೋನಲ್ ಸ್ವಲ್ಪ ಏರಿಸಿ ನೋಡಿ. ಕ್ಯಾಲೋನ್ ಮುಟ್ಟಬೇಡಿ, ಅದು ಹೇಗೂ ಕೊನೆತನಕ ಇರುತ್ತದೆ, ಜಾಸ್ತಿಯಾದರೆ ಕಲ್ಲಂಗಡಿಯೂ ಇರುತ್ತದೆ. ಐಸೋ ಇ ಸೂಪರ್ ಒಂದು ಗ್ರಾಂ ಇಳಿಸಿದರೂ ಮಳೆಗೆ ಜಾಗ ಸಿಗಬಹುದು. ಚರ್ಮದ ಮೇಲೆ ಮಳೆಯನ್ನು ಗಂಟೆಗಟ್ಟಲೆ ನಿಲ್ಲಿಸುವುದು ನನಗೂ ಇನ್ನೂ ಕೈಗೂಡಿಲ್ಲ. ಯಾರಿಗಾದರೂ ಆಗಿದ್ದರೆ ಹೇಳಿ.

ಅತ್ತರ್ ಪ್ರಿಯ:
ಗಂಧದೆಣ್ಣೆ ಹಾಕಿ, ನಿಲ್ಲುತ್ತೆ.

ಲಾವಂಚ:
ಗಂಧ ನಿಲ್ಲುತ್ತೆ ಸರ್, ಮಳೆ ನಿಲ್ಲಲ್ಲ.